ಮೂಗಿಗೆ ಐದು ಚುಕ್ಕಿ

ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಗ್ರೂಪ್ ಫೋಟೋ ತೆಗೆಸುವ ದಿನ ಅವರಿಗೆ ತಪ್ಪದೆ ಲೈಬ್ರರಿಯಲ್ಲಿ ಏನಾದರೊಂದು ಅರ್ಜೆಂಟ್ ಕೆಲಸ ಹುಟ್ಟಿಕೊಳ್ಳುತ್ತಿತ್ತು. ನಾನು ಅವರ ಕೈಯಲ್ಲಿ ಕಲಿತೆ, ಆಮೇಲೆ ಅದೇ ಸ್ಕೂಲಿನಲ್ಲಿ ನರ್ಸರಿ ಮಕ್ಕಳಿಗೆ ಕಲಿಸಿದೆ, ಅಲ್ಲಿಂದಲೇ ರಿಟೈರ್ ಆದೆ. ಇಷ್ಟು ವರ್ಷಗಳಲ್ಲಿ ಅವರ ಒಂದು ಫೋಟೋವೂ ನನ್ನ ಆಲ್ಬಮ್ಮಿಗೆ ಬರಲಿಲ್ಲ. ಇರುವುದು ಅವರ ನೆರಳು ಮಾತ್ರ, ಅದೂ ಎರಡೂವರೆ ಇಂಚಿನದು, ಹಿಂದೆ ಅಂಟು ಬಳಿದದ್ದು. ಆ ನೆರಳು ಹೇಗೆ ಆಯಿತು ಎನ್ನುವುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಅದನ್ನು ಮಾಡಿದವಳು ನಾನಲ್ಲ. ನಾನು ಬರೀ ಕತ್ತರಿಸಿದೆ.

ಕ್ರಾಫ್ಟ್ ಪೀರಿಯಡ್ಡಿನಲ್ಲಿ ಕಪ್ಪು ಕಾಗದದಿಂದ ಮುಖದ ಪ್ರೊಫೈಲ್ ಕತ್ತರಿಸುವುದನ್ನು ಕಲಿಸಿದವರೇ ಆ ಸಿಸ್ಟರ್. ಪೆನ್ಸಿಲ್ ಇಲ್ಲ, ಗೆರೆ ಇಲ್ಲ. ಎದುರಿಗೆ ಕೂತವರ ಮುಖದ ಅಂಚನ್ನು ನೋಡುತ್ತ ಹಣೆಯಿಂದ ಶುರು ಮಾಡಿ ಗಲ್ಲದವರೆಗೆ ಒಂದೇ ಉಸಿರಿನಲ್ಲಿ ಕತ್ತರಿಸಬೇಕು. ನಾವು ಕತ್ತರಿಯನ್ನು ಅತ್ತ ಇತ್ತ ಹೊರಳಿಸಿ ಮೂಗನ್ನು ಹಾಳು ಮಾಡುತ್ತಿದ್ದೆವು. ಅವರು ಹಿಂದಿನಿಂದ ಬಂದು ಹೇಳುತ್ತಿದ್ದರು, "ಟರ್ನ್ ದ ಪೇಪರ್, ಚೈಲ್ಡ್, ನಾಟ್ ದ ಸಿಸರ್ಸ್." ಕತ್ತರಿ ಹಿಡಿದ ಕೈ ಇದ್ದಲ್ಲೇ ಇರಬೇಕು, ಕಾಗದ ಹಿಡಿದ ಕೈ ತಿರುಗಬೇಕು. ನನಗೆ ಅದು ಹತ್ತಿತು. ನರ್ಸರಿಯಲ್ಲಿ ಅಳುವ ಮಕ್ಕಳನ್ನು ಸುಮ್ಮನಾಗಿಸಲು ಎಷ್ಟು ಮೂಗು ಕತ್ತರಿಸಿದ್ದೇನೋ ಲೆಕ್ಕವಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಸಿಸ್ಟರಿಗೆ ವಯಸ್ಸಾಯಿತೆಂದು ಮಂಗಳೂರಿನ ಕಡೆಯ ತಮ್ಮ ಮಠಕ್ಕೆ ಹೊರಡಲು ಹೇಳಿದ್ದರು. ನಾವು ಹಳೆಯ ವಿದ್ಯಾರ್ಥಿನಿಯರು ಸೇರಿ ಫೇರ್‌ವೆಲ್ ಇಟ್ಟುಕೊಂಡೆವು. ಶಾಲು ಬೇಡ, ಭಾಷಣ ಬೇಡ, ಫೋಟೋ ಅಂತೂ ಬೇಡವೇ ಬೇಡ ಎಂದು ಅವರು ಮೊದಲೇ ಕಟ್ಟಪ್ಪಣೆ ಮಾಡಿಬಿಟ್ಟರು. ಆಗ ನಾನು, ಹೋಗಲಿ, ನಿಮ್ಮ ಪ್ರೊಫೈಲ್ ಕತ್ತರಿಸಲೇ ಎಂದು ಕೇಳಿದೆ. ನಕ್ಕರು. ಕೇಶ್ವಾಪುರದ ನಮ್ಮ ಸ್ಕೂಲಿನ ಉದ್ದನೆಯ ವರಾಂಡದ ಕಿಟಕಿಯ ಪಕ್ಕ ಹತ್ತು ನಿಮಿಷ ಅಲ್ಲಾಡದೆ ಕೂತರು. ಹಣೆ, ಮೂಗು, ಸ್ವಲ್ಪ ಮುಂದೆ ಬಂದ ಗಲ್ಲ, ತಲೆಯಿಂದ ಬೆನ್ನಿಗೆ ಇಳಿದ ವೇಲ್. ಕಾಗದ ತಿರುಗಿತು, ಕತ್ತರಿ ನಡೆಯಿತು. ಕೈ ಮೊದಲಿನಷ್ಟು ಸ್ಟೆಡಿ ಇಲ್ಲವೆಂದು ಆಗಲೇ ಅನ್ನಿಸಿತ್ತು, ಆದರೆ ಮುಖ ಅವರದೇ ಆಗಿತ್ತು. ಅದನ್ನೇ ಸ್ಟಿಕ್ಕರ್ ಮಾಡಿಸಿ, ನೆರಳಿನ ಆಕಾರಕ್ಕೇ ಕತ್ತರಿಸಿ, ಸ್ಕೂಲಿನ ಪ್ರತಿ ಮಗುವಿಗೂ ಒಂದೊಂದು ಕೊಡೋಣ ಎಂಬ ಬ್ರೈಟ್ ಐಡಿಯಾ ನನ್ನದು. ಅದು ಎಷ್ಟು ಕೆಲಸ ಎಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ದುರ್ಗದಬೈಲು ಪೇಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಪ್ರೆಸ್ ಇತ್ತು. ಸ್ಕೂಲಿನ ರಿಪೋರ್ಟ್ ಕಾರ್ಡುಗಳೆಲ್ಲ ಅಲ್ಲೇ ಆಗುತ್ತಿದ್ದವು. ಹಳೆಯ ಮಾಲಕರು ತೀರಿಕೊಂಡು ಮಗ ನೋಡಿಕೊಳ್ಳುತ್ತಿದ್ದ. ಅಚ್ಚಿನ ಮೊಳೆಗಳೆಲ್ಲ ಎರಡು ಮೂರು ವರ್ಷದ ಹಿಂದೆಯೇ ಹೋಗಿ, ಆಫ್‌ಸೆಟ್ ಮಶೀನು, ಎರಡು ಕಂಪ್ಯೂಟರು ಬಂದಿದ್ದವು. ಮೊಳೆ ಜೋಡಿಸುತ್ತಿದ್ದ ನಾಲ್ವರಲ್ಲಿ ಮೂವರು ಬೇರೆ ದಾರಿ ಹಿಡಿದರು. ಉಳಿದವಳು ಒಬ್ಬಳೇ ಹೆಂಗಸು. ಅವಳ ತಂದೆಯೂ ಅಲ್ಲೇ ಕಂಪೋಜಿಟರ್ ಆಗಿದ್ದವರು. ಹದಿನೆಂಟಕ್ಕೆ ಬಂದು ಇಪ್ಪತ್ತೈದು ವರ್ಷ ಮೊಳೆ ಜೋಡಿಸಿದವಳನ್ನು ಈಗ ಬೈಂಡಿಂಗ್ ಕೋಣೆಯಲ್ಲಿ ಹಾಳೆ ಮಡಚಲು ಕೂರಿಸಿದ್ದರು. ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೂ ಎರಡೇ ದಿನದಲ್ಲಿ ನನ್ನ ಬಾಯಲ್ಲೂ ಅಕ್ಕನೇ ಆದಳು.

ನಾನು ಹೋದ ದಿನವೇ ಅಲ್ಲಿ ಒಂದು ಮಾತು ನಡೆದಿತ್ತು. ಕಂಪ್ಯೂಟರ್ ಆಪರೇಟರ್ ಕೆಲಸ ಬಿಟ್ಟು ಬೇರೆ ಪ್ರೆಸ್ಸಿಗೆ ಹೋಗಿದ್ದ. ಹೊಸಬ ನಮ್ಮ ಫೇರ್‌ವೆಲ್ ಆದ ಮೇಲಿನ ಸೋಮವಾರ ಬರುವವನಿದ್ದ. ಅಕ್ಕ ಊಟದ ಹೊತ್ತಿನಲ್ಲೆಲ್ಲ ಆ ಖಾಲಿ ಕಂಪ್ಯೂಟರಿನ ಮುಂದೆ ಕೂತು ತಾನೇ ಕಲಿತಿದ್ದಳು. ಕನ್ನಡ ಟೈಪಿಂಗ್ ಬರುತ್ತಿತ್ತು, ಲಗ್ನಪತ್ರಿಕೆಯ ಲೇಔಟ್ ಬರುತ್ತಿತ್ತು. ಸ್ಟಿಕ್ಕರಿನ ಕಟಿಂಗ್ ಔಟ್‌ಲೈನ್ ಮಾತ್ರ ಮಾಡಿರಲಿಲ್ಲ, ಪ್ರೆಸ್ಸಿನ ಮುಖ್ಯ ಕೆಲಸ ಆಗ ಅದೇ. ನಾನು ನೆರಳಿನ ಕವರ್ ಹಿಡಿದು ನಿಂತಿದ್ದಾಗ ಅವಳು ಮಾಲಕನಿಗೆ ಹೇಳಿದಳು:

"ಸಾವ್ಕಾರ್ರ, ಈ ಟೀಚರ್ರದೊಂದು ಕೆಲಸ ನಂಗ ಕೊಟ್ಟು ನೋಡ್ರಿ. ಛಲೋ ಆಗಲಿಲ್ಲಂದ್ರ ನಾ ಮತ್ತ ಆ ಖುರ್ಚಿ ಮ್ಯಾಲ ಕುಂಡ್ರೂದಿಲ್ಲ."

ಆತ ಅವಳೇ ಎತ್ತಿಕೊಂಡು ಆಡಿಸಿದ ಹುಡುಗ, ಈಗ ಸಾಹುಕಾರ. ಮುಜುಗರದಿಂದ ತಲೆ ಕೆರೆದುಕೊಂಡ. ಡೈ, ಅಂದರೆ ಆಕಾರಕ್ಕೆ ಕತ್ತರಿಸುವ ಅಚ್ಚು, ಹೊಡೆದ ಮೇಲೆ ಸ್ಟಿಕ್ಕರ್ ಸರಿಯಾಗಿ ಬಂದರೆ ಖುರ್ಚಿ ನಿನ್ನದು, ಇಲ್ಲದಿದ್ದರೆ ಸೋಮವಾರ ಹೊಸಬ ಬರುತ್ತಾನೆ, ಆಮೇಲೆ ಸಿಟ್ಟಾಗಬಾರದು ಎಂದ. ಅವಳು ತಲೆ ಆಡಿಸಿದಳು. ನನ್ನ ಬ್ರೈಟ್ ಐಡಿಯಾದ ಮೇಲೆ ಒಬ್ಬಳ ಬದುಕಿನ ಖುರ್ಚಿ ಬಂದು ಕೂತಿತ್ತು. ನನಗೆ ಒಳ್ಳೇ ಅನ್‌ಕಂಫರ್ಟಬಲ್ ಆಯಿತು. ಫೇರ್‌ವೆಲ್ ಮುಂದಿನ ಶನಿವಾರ, ಅಂದರೆ ಬರೋಬ್ಬರಿ ಎಂಟು ದಿನ.

ಮೊದಲು ನನ್ನ ಕಪ್ಪು ಕಾಗದವನ್ನು ಸ್ಕ್ಯಾನರ್ ಗಾಜಿನ ಮೇಲೆ ಮಲಗಿಸಿ ಸ್ಕ್ಯಾನ್ ಮಾಡಿದಳು. ಪರದೆಯ ಮೇಲೆ ಸಿಸ್ಟರ್ ಬಂದರು. ಆಹಾ ಎಂದೆ. ಅದು ಇನ್ನೂ ಬರೀ ಚಿತ್ರ, ಸಣ್ಣ ಸಣ್ಣ ಕಪ್ಪು ಚೌಕಗಳ ರಾಶಿ, ಅದಕ್ಕೆ ಅಂಚು ಅಂತ ಇಲ್ಲ ಎಂದು ಅಕ್ಕ ವಿವರಿಸಿದಳು. ಚೌಕಗಳ ಅಂಚಿನ ಮೇಲೆ ಒಂದು ಗೆರೆ ಹರಿಯಬೇಕು. ಹಿಗ್ಗಿಸಿದರೂ ಕುಗ್ಗಿಸಿದರೂ ಕೆಡದ ಗೆರೆ. ಆ ಗೆರೆಯನ್ನು ನೋಡಿಯೇ ಊರಾಚೆಯ ತಾರಿಹಾಳದಲ್ಲಿ, ಪ್ರೆಸ್ಸಿನವರೆಲ್ಲ ಕಾಕಾ ಎನ್ನುವ ಒಬ್ಬರು ಡೈ ಮಾಡುವುದು. ಪ್ಲೈವುಡ್ಡಿನಲ್ಲಿ ಆ ಗೆರೆಯಂತೆ ಸೀಳು ಕೊರೆದು, ಹರಿತವಾದ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಅದರಲ್ಲಿ ಕೂರಿಸುತ್ತಾರೆ. ಅಮ್ಮಂದಿರು ಬಿಸ್ಕಿಟ್ ಕತ್ತರಿಸುವ ಅಚ್ಚು ಇರುತ್ತದಲ್ಲ, ಹಾಗೆ.

ಕಂಪ್ಯೂಟರಿಗೆ ತಾನೇ ಗೆರೆ ಎಳೆಯುವ ಒಂದು ಬಟನ್ ಇತ್ತು. ಅಕ್ಕ ಒತ್ತಿದಳು. ಒಂದು ಕ್ಷಣದಲ್ಲಿ ಸಿಸ್ಟರ್ ಸುತ್ತ ಗೆರೆ ಬಂತು. ಇಷ್ಟೇನಾ, ಎಂಟು ದಿನ ಯಾಕೆ ಬೇಕು ಎಂದೆ. ಅವಳು ದೊಡ್ಡದು ಮಾಡಿ ತೋರಿಸಿದಳು. ಗೆರೆಯ ಮೇಲೆ ಇರುವೆ ಸಾಲಿನಂತೆ ಚುಕ್ಕಿಗಳು. ಕಂಪ್ಯೂಟರು ಒಂದೊಂದು ಸಣ್ಣ ಕೊಂಕಿಗೂ ಒಂದು ಚುಕ್ಕಿ ಇಟ್ಟು ಅಲ್ಲಿ ಬಾಗಿತ್ತು. ಮುನ್ನೂರಕ್ಕೂ ಮೇಲೆ. ಸಿಸ್ಟರ್ ಅವರ ನುಣುಪಾದ ಹಣೆ ಬೆಳಗಾವಿ ರಸ್ತೆಯ ಹಾಗೆ ಕಾಣುತ್ತಿತ್ತು. ಅವರ ಹಣೆ ಹಾಗೆ ಇರಲಿಲ್ಲ, ಸ್ಕ್ಯಾನರ್ ಕೆಟ್ಟಿರಬೇಕು ಎಂದೆ.

"ಸ್ಕ್ಯಾನರ್ ಛಲೋ ಐತ್ರಿ ಟೀಚರ್ರ. ಅದು ನಿಮ್ಮ ಕೈ ನಡುಗಿದ್ದು."

ಮೆಲ್ಲಗೇ ಹೇಳಿದಳು. ನನಗೆ ಚುರುಕ್ಕೆಂದಿತು. ಮನೆಯಲ್ಲಿ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ನಡುಕ ಗಾಜಿನ ಪೆಟ್ಟಿಗೆಗೆ ಮೊದಲು ಗೊತ್ತಾಯಿತು. ಇಂಥ ಗೆರೆಯನ್ನು ಉಕ್ಕಿನ ಪಟ್ಟಿ ಬಗ್ಗಿಸಿ ಮಾಡಲು ಆಗುವುದಿಲ್ಲ, ಕಾಕಾ ಬೈಯುತ್ತಾರೆ ಎಂದು ಅವಳು ಚುಕ್ಕಿಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ನಡುಕದ ಜೊತೆ ಮುಖವೂ ಹೋಯಿತು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಇದ್ದದ್ದು ಯಾರೋ ದಪ್ಪ ಮೂಗಿನ ಅಪರಿಚಿತ ಸಿಸ್ಟರ್. ಇದು ಅವರಲ್ಲ ಎಂದೆ. ಅವಳು ಮತ್ತೆ ಚುಕ್ಕಿ ಸೇರಿಸಿದಳು, ಮತ್ತೆ ಹಣೆ ಉಬ್ಬುತಗ್ಗಾಯಿತು. ಇಬ್ಬರೂ ಸಣ್ಣಗೆ ಜಗಳಾಡಿದೆವು. ಮಾಲಕ ಕನ್ನಡಕದ ಮೇಲಿಂದ ನೋಡಿ ಹೋದ.

ಮರುದಿನ ಗಿರ್ಮಿಟ್ ಕಟ್ಟಿಸಿಕೊಂಡು ಸಂಧಾನಕ್ಕೆ ಹೋದೆ. ತಿನ್ನುತ್ತ ಅವಳು ಕೇಳಿದಳು, ನೀವು ಕತ್ತರಿಸುವುದನ್ನು ಒಮ್ಮೆ ತೋರಿಸಿ ಎಂದು. ಬೈಂಡಿಂಗಿನ ರಟ್ಟಿಗೆ ಹೊದಿಸುವ ಒಂದು ಕಾಗದ ತೆಗೆದುಕೊಂಡು ಅವಳ ಮುಖವನ್ನೇ ಕತ್ತರಿಸತೊಡಗಿದೆ. ಅವಳು ನನ್ನ ಕತ್ತರಿಯನ್ನು ನೋಡಲಿಲ್ಲ, ಎಡಗೈ ನೋಡುತ್ತಿದ್ದಳು.

"ನೀವು ಅಲ್ಲಲ್ಲಿ ನಿಂದರತೀರಿ, ನೋಡ್ರಿ. ನಿಂತು ಹಾಳಿ ತಿರಗಸ್ತೀರಿ. ಅಲ್ಲೇ ಚುಕ್ಕಿ ಇಡಬೇಕ್ರಿ. ನಡುವ ಬ್ಯಾಡ."

ನಾನು ಕತ್ತರಿ ಹಿಡಿದವಳು ಐವತ್ತು ವರ್ಷದಲ್ಲಿ ಎಂದೂ ಎಣಿಸಿರಲಿಲ್ಲ. ಮೂಗಿಗೆ ಎಷ್ಟು ಸಲ ಕಾಗದ ತಿರುಗಿಸುತ್ತೇನೆಂದು ಅವಳು ಎಣಿಸಿ ಹೇಳಿದಳು: ಐದು. ಹುಬ್ಬಿನ ಕೆಳಗಿನ ತಗ್ಗು, ಮೂಗಿನ ಏರು ಶುರುವಾಗುವಲ್ಲಿ, ತುದಿ, ತುದಿಯ ಕೆಳಗೆ, ಮೂಗು ತುಟಿಗೆ ಸೇರುವ ಮೂಲೆ. ಕಂಪ್ಯೂಟರ್ ಎಳೆದ ಗೆರೆಯನ್ನು ಪೂರ್ತಿ ಅಳಿಸಿ, ನನ್ನ ಕಪ್ಪು ಚಿತ್ರವನ್ನು ಮಸುಕು ಮಾಡಿ ಕೆಳಗಿಟ್ಟು, ಅದರ ಮೇಲೆ ಕೈಯಿಂದ ಹೊಸ ಗೆರೆ ಎಳೆದಳು. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಬಾಗು. ಪ್ರತಿ ಚುಕ್ಕಿಗೂ ಎರಡು ಕಡೆ ಸಣ್ಣ ಹಿಡಿಕೆಗಳು, ಅವನ್ನು ಎಳೆದರೆ ಬಾಗು ಉಬ್ಬುತ್ತದೆ, ತಗ್ಗುತ್ತದೆ. ತಲೆಯಿಂದ ಇಳಿಯುವ ಆ ಉದ್ದ ವೇಲಿಗೆ ಮೂರೇ ಚುಕ್ಕಿ ಸಾಕಾದವು. ಮುಖಕ್ಕೆಲ್ಲ ಸೇರಿ ಹದಿನೆಂಟು. ನನ್ನ ನಡುಕ ಹೋಯಿತು, ಸಿಸ್ಟರ್ ಉಳಿದರು. ಐ ವಾಸ್ ಸೋ ಹ್ಯಾಪಿ, ಅವಳ ಭುಜ ಒತ್ತಿದೆ. ಅವಳು ಕೈಯೊರೆಸಿಕೊಂಡು ಗಿರ್ಮಿಟ್ ಮುಗಿಸಿದಳು.

ಆದರೆ ಅದು ಛಾಪಿಸುವ ನೆರಳಿನ ಗೆರೆ. ಡೈಯ ಗೆರೆ ಬೇರೆ. ನೆರಳಿನ ಅಂಚಿಗೇ ಸರಿಯಾಗಿ ಕತ್ತರಿಸಬೇಕೆಂಬುದು ನನ್ನ ಆಸೆ, ನಾನು ಕಾಗದ ಕತ್ತರಿಸುವುದು ಹಾಗೇ ತಾನೆ. ಮಶೀನಿನಲ್ಲಿ ಹಾಳೆ ಕೂದಲೆಳೆಯಷ್ಟು ಸರಿದರೂ ಒಂದು ಕಡೆ ಮೂಗು ಕತ್ತರಿಸಿ ಹೋಗುತ್ತದೆ, ಇನ್ನೊಂದು ಕಡೆ ಬಿಳಿ ಉಳಿಯುತ್ತದೆ ಎಂದು ಅಕ್ಕ ಹೇಳಿದಳು. ಆದ್ದರಿಂದ ಸುತ್ತಲೂ ಎರಡು ಮಿಲಿಮೀಟರ್ ಬಿಳಿ ಅಂಚು ಬಿಟ್ಟು, ಹೊರಗೆ ಇನ್ನೊಂದು ಗೆರೆ ಎಳೆದಳು. ಆ ಹೊರಗೆರೆಗೆ ತುಟಿಗಳ ಸಂದು ಬೇಕಿಲ್ಲ, ಉಕ್ಕು ಅಷ್ಟು ಸಣ್ಣಗೆ ಬಗ್ಗುವುದೂ ಇಲ್ಲ. ಗಲ್ಲ ಮತ್ತು ಕುತ್ತಿಗೆಯ ನಡುವಿನ ಚೂಪು ಮೂಲೆಯನ್ನು ದುಂಡಗೆ ಮಾಡಿದಳು. ಪಟ್ಟಿಯ ಎರಡು ತುದಿ ಸೇರುವ ಬೆಸುಗೆ ಕೆಳಗಿನ ನೆಟ್ಟನೆಯ ಅಂಚಿನಲ್ಲಿ ಬರುವಂತೆ ನೋಡಿಕೊಂಡಳು. ನೆರಳಿನ ಎದೆಯ ಮೇಲೆ ಬಿಳಿ ಅಕ್ಷರದಲ್ಲಿ ಥ್ಯಾಂಕ್ ಯೂ ಸಿಸ್ಟರ್ ಎಂದು ಬರೆದು, ಒಂದು ಹಾಳೆಗೆ ಹನ್ನೆರಡು ಸಿಸ್ಟರನ್ನು ಸಾಲಾಗಿ ಕೂರಿಸಿದಳು. ಎಲ್ಲರೂ ಎಡಕ್ಕೆ ನೋಡುತ್ತಿದ್ದರು.

ಮಂಗಳವಾರ ಎರಡು ಟ್ರೇಸಿಂಗ್ ಹಾಳೆ ಹೊರಬಂದವು. ಕಪ್ಪು ನೆರಳಿನದು ಪ್ರೆಸ್ಸಿನಲ್ಲೇ ಛಾಪಿಸುವ ಪ್ಲೇಟ್ ಮಾಡಲು, ಬರೀ ಹೊರಗೆರೆಯದು ತಾರಿಹಾಳಕ್ಕೆ. ಎಷ್ಟು ಅಚ್ಚುಕಟ್ಟಾಗಿದ್ದವು ಎಂದರೆ ಮಾಲಕನೂ ದೀಪಕ್ಕೆ ಹಿಡಿದು ನೋಡಿ ಹ್ಞೂಂ ಎಂದ. ಸ್ಟಿಕ್ಕರಿನ ಗಮ್ ಶೀಟು ಪುಣೆಯಿಂದ ಬಂದದ್ದು ಲೆಕ್ಕದ ಮೇಲೆ ಹತ್ತು ಹಾಳೆಗಿಂತ ಹೆಚ್ಚಿರಲಿಲ್ಲ, ಸಮಯವೂ ಇರಲಿಲ್ಲ. ಅದಕ್ಕೇ ಡೈ ಬರುವುದನ್ನು ಕಾಯದೆ ಬುಧವಾರ ಪೂರ್ತಿ ಛಾಪಿಸಿಬಿಟ್ಟರು.

ಗುರುವಾರ ಮಧ್ಯಾಹ್ನ ಕಾಕಾ ಡೈಯನ್ನು ತಮ್ಮ ಲೂನಾಕ್ಕೆ ಕಟ್ಟಿಕೊಂಡು ಖುದ್ದಾಗಿ ಬಂದರು. ಬಿಳಿ ಟೊಪ್ಪಿಗೆಯ, ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡ ಮುದುಕರು. ಇಷ್ಟು ಸುಲಭವಾಗಿ ಬಗ್ಗಿದ ಗೆರೆ ಇತ್ತೀಚೆಗೆ ಯಾರೂ ಕಳಿಸಿರಲಿಲ್ಲ ಎಂದು ಹೊಗಳುತ್ತಲೇ ಡೈಯನ್ನು ಟೇಬಲ್ಲಿನ ಮೇಲೆ, ಅಲಗು ಮೇಲೆ ಮಾಡಿ ಇಟ್ಟರು. ಹನ್ನೆರಡು ಉಕ್ಕಿನ ಸಿಸ್ಟರ್ ಹೊಳೆಯುತ್ತಿದ್ದರು. ಅಕ್ಕ ಛಾಪಿಸಿದ ಒಂದು ಹಾಳೆಯನ್ನು ಮುಖ ಕೆಳಗಾಗಿ ಅಲಗುಗಳ ಮೇಲೆ ಹಾಸಿದಳು. ಮಶೀನಿನಲ್ಲಿ ಹಾಗೇ ತಾನೆ, ಛಾಪಿಸಿದ ಮುಖವೇ ಅಲಗಿಗೆ ಎದುರಾಗುವುದು. ಹೆಬ್ಬೆರಳಿನಿಂದ ಒತ್ತಿ ಗುರುತು ಮೂಡಿಸಿ, ಹಾಳೆ ತೆಗೆದು ತಿರುಗಿಸಿದಳು. ಅವಳ ಮುಖ ನೋಡಿ ನಾನೂ ಬಗ್ಗಿದೆ. ಮೂಗು ಇದ್ದಲ್ಲಿ ವೇಲಿನ ಗುರುತು, ವೇಲ್ ಇದ್ದಲ್ಲಿ ಮೂಗಿನದು.

ಮಾಲಕ ಬಂದು ನೋಡಿದ. ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದ.

"ಹಾಳ್ಯಾಗಿನ ಸಿಸ್ಟರ್ ಧಾರವಾಡದ ಕಡೆ ನೋಡಾಕತ್ತಾರ, ಡೈದಾಗಿನವ್ರು ಗದಗಿನ ಕಡೆ. ಅಕ್ಕಾ, ಯಾವ ಬಸ್ಸಿಗೆ ಕೂಡಸೂಣು ಇವರ್ನ?"

ಕಾಕಾ ತಮ್ಮ ಚೀಲದಿಂದ ಟ್ರೇಸಿಂಗ್ ತೆಗೆದು ನೋಡಿದರು. ಡೈ ಯಾವಾಗಲೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು, ಅದಕ್ಕೇ ತಾವು ಬಂದ ಹಾಳೆಯನ್ನು ಬೋರಲಾಗಿ ಪ್ಲೈವುಡ್ಡಿನ ಮೇಲೆ ಹಾಸಿ ಗೆರೆ ಇಳಿಸಿಕೊಳ್ಳುವುದು, ಮೂವತ್ತು ವರ್ಷದಿಂದ ಅದೇ ರೂಢಿ ಎಂದರು. ಅಕ್ಕ ಕಳಿಸಿದ್ದು ಮೊದಲೇ ಉಲ್ಟಾ ಮಾಡಿದ ಗೆರೆ. ಪ್ಲೇಟಿಗೆ ಹೋಗುವ ಟ್ರೇಸಿಂಗ್ ಉಲ್ಟಾ ಇರಬೇಕು, ಅದು ಸರಿಯೇ. ಡೈಗೆ ಹೋಗುವುದು ಸೀದಾ ಇರಬೇಕಿತ್ತು. ಅವಳು ಎರಡನ್ನೂ ಉಲ್ಟಾ ಮಾಡಿದ್ದಳು, ಕಾಕಾ ಉಲ್ಟಾವನ್ನು ಮತ್ತೆ ಉಲ್ಟಾ ಮಾಡಿದ್ದರು. ಗೆರೆಯಲ್ಲಿ ಅಕ್ಷರವಿದ್ದಿದ್ದರೆ ಅವರಿಗೆ ತಿಳಿಯುತ್ತಿತ್ತು. ಸಿಸ್ಟರ್ ಯಾವ ಕಡೆ ನೋಡುತ್ತಾರೆಂದು ತಾರಿಹಾಳದಲ್ಲಿ ಯಾರಿಗೆ ಗೊತ್ತು.

ಅಕ್ಕ ಆ ಟ್ರೇಸಿಂಗನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಇಪ್ಪತ್ತೈದು ವರ್ಷ ಮೊಳಿ ಓದೇನ್ರಿ ಕಾಕಾ," ಎಂದಳು. "ನಂಗ ಉಲ್ಟಾ ಇದ್ದದ್ದ ಸೀದಾ ಕಾಣತೈತಿ."

ಅಳುತ್ತಾಳೆಂದುಕೊಂಡೆ. ಮೊಳೆಗಳು ಕನ್ನಡಿಯ ಅಕ್ಷರಗಳು, ಬಲದಿಂದ ಎಡಕ್ಕೆ ಓದಿ ಓದಿ ಅವಳ ಕಣ್ಣು ಹಾಗೆ ಪಳಗಿತ್ತು. ಬೇರೆ ಯಾರಾದರೂ ಟ್ರೇಸಿಂಗ್ ನೋಡಿದ ಕೂಡಲೇ, ಅರೇ, ಇದು ತಿರುಗಿದೆಯಲ್ಲ ಎನ್ನುತ್ತಿದ್ದರೋ ಏನೋ. ಮಾಲಕ ಗಡಿಯಾರ ನೋಡಿದ. ಹೊಸ ಡೈಗೆ ಮತ್ತೆ ಎರಡು ದಿನ ಬೇಕೆಂದು ಕಾಕಾ ಹೇಳಿದರು, ಶನಿವಾರದ ಮಾತು ಬಿಟ್ಟುಬಿಡಿ ಎಂದರು. ಛಾಪಿಸಿದ ಹಾಳೆಗಳು ಮೂಲೆಯಲ್ಲಿ ಕಟ್ಟು ಕಟ್ಟಾಗಿ ಕೂತಿದ್ದವು. ಹೊಸಬನಿಗೆ ಸೋಮವಾರದ ಬದಲು ನಾಳೆಯೇ ಬಾ ಎಂದು ಫೋನ್ ಮಾಡುತ್ತೇನೆ, ಆತ ಏನಾದರೂ ದಾರಿ ತೋರಿಸಬಹುದು ಎಂದು ಮಾಲಕ ಒಳಗೆ ಹೊರಟ.

ಅಕ್ಕ ಅಳಲಿಲ್ಲ. ಅದೇ ಹಾಳೆಯನ್ನು ಎತ್ತಿ, ಹೊರಳಿಸಿ, ಈ ಸಲ ಛಾಪಿಸಿದ ಮುಖ ಮೇಲೆ ಬರುವ ಹಾಗೆ ಅಲಗುಗಳ ಮೇಲೆ ಇಟ್ಟಳು. ಮೂಲೆಗಳನ್ನು ಸ್ವಲ್ಪ ಸರಿಸಿದಳು. ಒತ್ತಿದಳು. ಎಡಕ್ಕೆ ನೋಡುವ ಸಿಸ್ಟರಿನ ಕೆಳಗೆ ಎಡಕ್ಕೆ ನೋಡುವ ಉಕ್ಕು, ಮೂಗಿನ ಕೆಳಗೆ ಮೂಗು. ಹಾಳೆಯ ಹಿಂಬದಿಯನ್ನು ಅಲಗಿಗೆ ಕೊಟ್ಟರೆ ಡೈ ತಪ್ಪೇ ಅಲ್ಲ.

"ಸಾವ್ಕಾರ್ರ, ಫೋನ್ ಆಮ್ಯಾಲ ಹಚ್ಚ್ರಿ. ಹಾಳಿ ಹಿಂದಿನಿಂದ ಹೊಡೀಬಹುದಲ್ಲ?"

ಆತ ಬಾಗಿಲಲ್ಲೇ ನಿಂತ. ಬಂದು ನೋಡಿದ, ಬಗ್ಗಿ ನೋಡಿದ, ಕಾಕಾನನ್ನು ನೋಡಿದ. ಕೂರುವುದೇನೋ ಕೂರುತ್ತದೆ, ಆದರೆ ಹಾಫ್ ಕಟ್ ಹೇಗೆ ಎಂದ. ಈ ಮಾತು ನನಗೂ ಅರ್ಥವಾಗುವಂತೆ ಕಾಕಾ ಹೇಳಿದರು. ಸ್ಟಿಕ್ಕರ್ ಹಾಳೆ ಎರಡು ಪದರ, ಮೇಲೆ ಅಂಟಿನ ಕಾಗದ, ಕೆಳಗೆ ಜಾರುವ ಕಾಗದ. ಮಾಮೂಲಿಯಾಗಿ ಮುಖದಿಂದ ಹೊಡೆದು ಮೇಲಿನ ಪದರವನ್ನಷ್ಟೇ ಕತ್ತರಿಸುತ್ತಾರೆ. ಕೆಳಗಿನದು ಹಾಗೇ ಇರುತ್ತದೆ, ಸ್ಟಿಕ್ಕರ್ ಸುಲಭವಾಗಿ ಎದ್ದು ಬರುತ್ತದೆ. ಹಿಂದಿನಿಂದ ಹೊಡೆದರೆ ಎರಡೂ ಪದರ ಪೂರ್ತಿ ಕತ್ತರಿಸಲೇಬೇಕು. ಒಂದೊಂದು ಸಿಸ್ಟರ್ ಬಿಡಿಯಾಗಿ ಬೀಳುತ್ತಾರೆ, ಜಾರುವ ಕಾಗದವೂ ಅದೇ ಆಕಾರಕ್ಕೆ ಹಿಂದೆ ಅಂಟಿಕೊಂಡು.

ನಾನು ನಡುವೆ ಬಾಯಿ ಹಾಕಿದೆ. ನರ್ಸರಿ ಮಕ್ಕಳ ಉಗುರಿಗೆ ಅದು ಏಳುವುದಿಲ್ಲ, ನಲವತ್ತು ಮಕ್ಕಳೂ ಎಳೆದುಕೊಂಡು ಟೀಚರ್ ಹತ್ತಿರ ಬರುತ್ತಾರೆ, ಅರ್ಧ ಮೂಗು ಹರಿದಿರುತ್ತದೆ ಎಂದೆ. ಅಕ್ಕನ ದಾರಿಗೆ ನಾನೇ ಕಲ್ಲು ಹಾಕಿದೆನೇನೋ ಎಂದು ಹೇಳಿದ ಮೇಲೆ ಅನ್ನಿಸಿತು. ಅವಳು ಬೇಸರಿಸಲಿಲ್ಲ. ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರುತ್ತ ಯೋಚಿಸಿದಳು.

"ಈಗ ಹಿಂದಿನ ಕಾಗದನ ಅಲಗಿನ ಕಡೆ ಐತಲ್ಲ ಕಾಕಾ. ನಡುವ ಒಂದು ಗಿಡ್ಡ ಪಟ್ಟಿ ಹಾಕಿದ್ರ? ಅದನ್ನಷ್ಟ ಸೀಳಿ ಬಿಡಬೇಕು, ಮ್ಯಾಲಿಂದಕ್ಕ ಮುಟ್ಟಬಾರದು."

ಕಾಕಾ ಜೇಬಿನಿಂದ ಸಣ್ಣ ಸ್ಕೇಲ್ ತೆಗೆದು ಡೈಯ ಎದೆಯ ಭಾಗದ ಅಗಲ ಅಳೆದರು. ಹನ್ನೆರಡು ತುಂಡು, ಪ್ರತಿ ಸಿಸ್ಟರಿಗೂ ಅಡ್ಡಲಾಗಿ ಒಂದು, ಸುತ್ತಲಿನ ಅಲಗಿಗಿಂತ ಕೂದಲೆಳೆ ಗಿಡ್ಡ. ಕಲ್ಲಿನ ಮೇಲೆ ಉಜ್ಜಿ ಉಜ್ಜಿ ತಗ್ಗಿಸಬೇಕು. ನಾಳೆ ಮುಂಜಾನೆಗೆ ತರುತ್ತೇನೆ ಎಂದು ಡೈಯನ್ನು ಮತ್ತೆ ಲೂನಾಕ್ಕೆ ಕಟ್ಟಿದರು. ಹೊರಡುವಾಗ ಮಾಲಕನಿಗೆ ಒಂದು ಮಾತು ಹೇಳಿ ಹೋದರು, "ಇಕೀ ಕೂಡ ಕೆಲಸ ಮಾಡೂದು ತ್ರಾಸ ಐತಿ. ಆದ್ರ ತಲಿ ಐತಿ ನೋಡು." ಮಾಲಕ ಫೋನ್ ಮಾಡಲಿಲ್ಲ. ಮಾಡುವುದಿಲ್ಲ ಎಂದೂ ಹೇಳಲಿಲ್ಲ.

ಶುಕ್ರವಾರ ನಾನು ಒಂಬತ್ತಕ್ಕೇ ಹೋಗಿ ಸ್ಟೂಲಿನ ಮೇಲೆ ಕೂತೆ. ಪಂಚಿಂಗ್ ಮಶೀನಿಗೆ ಡೈ ಕೂರಿಸಿದರು. ಹಾಳೆ ಹೊರಳಿದ್ದರಿಂದ ಅದನ್ನು ತಾಗಿಸಿ ನಿಲ್ಲಿಸುವ ಮೂಲೆಯೂ ಬದಲಾಗಬೇಕು ಎಂದು ಅಕ್ಕ ಎಚ್ಚರಿಸಿದಳು. ಛಾಪಿಸುವಾಗ ಎಡಕ್ಕಿದ್ದ ಮೂಲೆ ಈಗ ಬಲಕ್ಕೆ ಬರುತ್ತದೆ. ಮಶೀನಿನವನು ತನಗೆ ಗೊತ್ತು ಎಂದು ಗೊಣಗಿ, ಆಮೇಲೆ ಗುಟ್ಟಾಗಿ ಬದಲಾಯಿಸಿಕೊಂಡ. ಮೊದಲ ಹಾಳೆಯಲ್ಲಿ ಗಿಡ್ಡ ಪಟ್ಟಿಯೂ ಪೂರ್ತಿ ಇಳಿದು ಹನ್ನೆರಡು ಸಿಸ್ಟರೂ ಎರಡೆರಡು ತುಂಡಾದರು. ನಾನು ಕಣ್ಣು ಮುಚ್ಚಿಕೊಂಡೆ. ಒತ್ತು ಕಡಿಮೆಯಾಗಲೆಂದು ತಗಡಿನ ಹಿಂದಿದ್ದ ಕಾಗದವನ್ನು ಒಂದು ಪದರ ತೆಗೆದರು. ಎರಡನೆಯದರಲ್ಲಿ ಆರು ಸರಿ, ಆರು ತುಂಡು. ಮತ್ತೆ ತೆಗೆದು, ಒತ್ತು ಸಾಲದ ಎರಡು ಕಡೆ ತೆಳ್ಳಗಿನ ಚೀಟಿ ಅಂಟಿಸಿದರು. ಹೀಗೆ ಎಂಟೊಂಬತ್ತು ಹಾಳೆ ಹೋದ ಮೇಲೆ ಒಂದು ಬಿಡಿ ಸಿಸ್ಟರ್ ನನ್ನ ಮಡಿಲಿಗೆ ಬಂತು. ಸುತ್ತ ಸಮನಾದ ಬಿಳಿ ಅಂಚು, ಮುಖ ಇಡಿಯಾಗಿ. ಸ್ವಲ್ಪ ಬಗ್ಗಿಸಿದೆ. ಹಿಂದಿನ ಕಾಗದ ಸೀಳಿನಲ್ಲಿ ತುಟಿ ತೆರೆದ ಹಾಗೆ ತೆರೆದುಕೊಂಡಿತು. ನಡುಗುವ ನನ್ನ ಬೆರಳಿಗೇ ಅದು ಸಲೀಸಾಗಿ ಎದ್ದು ಬಂತೆಂದರೆ ಐದು ವರ್ಷದ ಮಗುವಿಗೆ ಏನು ಕಷ್ಟ. ಅದನ್ನು ಅಲ್ಲೇ ನನ್ನ ಪರ್ಸಿನ ಒಳಗೆ ಅಂಟಿಸಿಕೊಂಡೆ.

ಮಾಲಕ ಹತ್ತಾರು ಸ್ಟಿಕ್ಕರ್ ಸುಲಿದು ನೋಡಿದ. ಕಡೆಗೆ, ಹೀಗೆ ಬಿಡಿ ಬಿಡಿಯಾಗಿ ಬರುವುದೇ ಒಳ್ಳೆಯದಲ್ಲವೇ, ಹಾಳೆ ಕತ್ತರಿಸಿ ಹಂಚುವ ಕೆಲಸ ಉಳಿಯಿತು ಎಂದು ತಾನೇ ಪ್ಲಾನ್ ಮಾಡಿದವನ ಹಾಗೆ ನನಗೆ ವಿವರಿಸಿದ. ಆಮೇಲೆ ಅಕ್ಕನ ಕಡೆ ತಿರುಗದೆಯೇ, ಸೋಮವಾರ ಬೈಂಡಿಂಗಿಗೆ ಬೇರೆಯವರನ್ನು ನೋಡಬೇಕು, ನಿನಗೆ ಯಾರಾದರೂ ಗೊತ್ತಿದ್ದರೆ ಹೇಳು ಎಂದ. ಅವಳು ತನ್ನ ಓಣಿಯಲ್ಲಿ ಒಬ್ಬಳಿದ್ದಾಳೆ, ಕೇಳುತ್ತೇನೆ ಎಂದಳು. ಅಷ್ಟೇ. ಇಬ್ಬರ ನಡುವೆ ಖುರ್ಚಿಯ ಮಾತು ಬರಲೇ ಇಲ್ಲ. ನಾನೊಬ್ಬಳು ಸಿಲ್ಲಿ ಮುದುಕಿ, ಕಣ್ಣೊರೆಸಿಕೊಂಡೆ.

ಶನಿವಾರ ಮಕ್ಕಳು ಸಿಸ್ಟರನ್ನು ವಾಟರ್ ಬಾಟಲಿಗೆ, ಕಂಪಾಸ್ ಬಾಕ್ಸಿಗೆ, ಒಬ್ಬೊಬ್ಬರು ಹಣೆಗೂ ಅಂಟಿಸಿಕೊಂಡರು. ಸಿಸ್ಟರ್ ಒಂದನ್ನು ಬೆಳಕಿಗೆ ಹಿಡಿದು, ಮೂಗಿನ ವಿಷಯದಲ್ಲಿ ನೀನು ಉದಾರಿ ಎಂದರು. ಅದು ನಾನಲ್ಲ, ಐದು ಚುಕ್ಕಿ ಇಟ್ಟವಳು ಬೇರೆ ಎಂದು ಹೇಳಿದೆ. ಯಾರು, ಕರೆದುಕೊಂಡು ಬಾ ಎಂದರು. ಅಕ್ಕ ಬಂದಿರಲಿಲ್ಲ. ಅವಳಿಗೆ ಆ ದಿನ ಒಂದು ಅಗರಬತ್ತಿ ಡಬ್ಬಿಯ ಔಟ್‌ಲೈನ್ ಇತ್ತು.

ಆಮೇಲೂ ನಾನು ಆ ಗಲ್ಲಿಗೆ ಹೋಗುತ್ತಿದ್ದೆ. ಕೆಲಸವಿರಲಿ ಬಿಡಲಿ, ಏನಾದರೊಂದು ನೆಪದಲ್ಲಿ. ಒಮ್ಮೆ ಅವಳ ಟೇಬಲ್ಲಿನ ಮೇಲೆ ಡೈಗೆ ಹೊರಟ ಟ್ರೇಸಿಂಗ್ ಇತ್ತು. ಮಾವಿನ ಹಣ್ಣಿನ ಆಕಾರ, ಹೊರಗೆ ಮೂಲೆಯಲ್ಲಿ ಸಣ್ಣದಾಗಿ ಒಂದು 'ಅ'. ಅದೇನು, ನಿನ್ನ ಸಹಿಯಾ ಎಂದು ಕೇಳಿದೆ. ಈಗ ಪ್ರತಿ ಗೆರೆಗೂ ಒಂದು ಅಕ್ಷರ ಹಾಕುತ್ತಾಳಂತೆ, ಉಲ್ಟಾ ಆದರೆ ಕಾಕಾನಿಗೆ ಕೂಡಲೇ ತಿಳಿಯಲಿ ಎಂದು. ಮೊದಲು 'ಠ' ಹಾಕಿದ್ದಳಂತೆ. ಅದು ಯಾವ ಕಡೆಯಿಂದ ನೋಡಿದರೂ ಒಂದೇ ಎಂದು ಮಾಲಕ ಎರಡು ದಿನ ನಕ್ಕನಂತೆ. ಈಗ ಬೇರೆ ಪ್ರೆಸ್ಸಿನವರು ಅಕ್ಷರವಿಲ್ಲದ ಟ್ರೇಸಿಂಗ್ ಕಳಿಸಿದರೆ ಕಾಕಾ ಮುಟ್ಟುವುದೇ ಇಲ್ಲ, ಅಕ್ಕನ 'ಅ' ಎಲ್ಲಿ ಎಂದು ಕೇಳಿ ವಾಪಸ್ ಕಳಿಸುತ್ತಾರೆ ಎಂದು ಅವಳು ನಗುತ್ತ ಹೇಳಿ, ಮತ್ತೆ ಪರದೆಯ ಕಡೆ ತಿರುಗಿದಳು.